ರೇಬೀಸ್ ಜಾಗೃತಿ: ಶಾಲೆಯ ಪ್ರಾರ್ಥನಾ ಸಭೆಗೊಂದು ಭಾಷಣ

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದು ಶಾಲೆಯಲ್ಲಿ ಓದಲು ಅನುಕೂಲವಾಗುವಂತೆ ನಾವು ಈ ಪುಟ್ಟ ಭಾಷಣವನ್ನು ಸಿದ್ಧಪಡಿಸಿದ್ದೇವೆ.



ಒಂದು ಸನ್ನಿವೇಶ ಊಹಿಸಿಕೊಳ್ಳಿ. ಸೋಮವಾರ ಸಂಜೆ ಆರನೇ ತರಗತಿಯ ಹುಡುಗನೊಬ್ಬ ಪಕ್ಕದ ಮನೆಯ ಎರಡು ತಿಂಗಳ ನಾಯಿಮರಿ ಜೊತೆ ಆಡುತ್ತಿದ್ದಾನೆ. ಮರಿಯ ಹಲ್ಲು ತಾಗಿ ಬೆರಳಲ್ಲಿ ಒಂದು ಹನಿ ರಕ್ತ ಬಂತು. ಮನೆಯಲ್ಲಿ ಬೈಯುತ್ತಾರೆಂದು ಅವನು ಸುಮ್ಮನಿದ್ದುಬಿಟ್ಟರೆ?

'ಮನೆಯಲ್ಲಿ ಸಾಕಿದ ಮರಿ, ಏನೂ ಆಗಲ್ಲ' ಎನ್ನುವ ಮಾತು ತಪ್ಪು. ಮರಿಗಳಿಗೂ ರೇಬೀಸ್ ಬರುತ್ತದೆ. ಮೊದಲ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕಿಸುವುದರಿಂದ ಈ ಮರಿಗೆ ಇನ್ನೂ ರಕ್ಷಣೆಯೇ ಇಲ್ಲ.

ಜೊಲ್ಲಿನ ಮೂಲಕ ಗಾಯ ಸೇರುವ ವೈರಸ್ ನರಗಳ ಹಾದಿಯಲ್ಲಿ ನಿಧಾನವಾಗಿ ಮೆದುಳಿಗೆ ಸಾಗುತ್ತದೆ. ಇದಕ್ಕೆ ವಾರಗಳೇ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಅಷ್ಟು ದಿನ ಹುಡುಗ ಆರಾಮಾಗಿಯೇ ಇರುತ್ತಾನೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಹಾಗಾಗಿ ಚಿಕಿತ್ಸೆ ಅದಕ್ಕೂ ಮೊದಲೇ ಆಗಬೇಕು.

ಹಾಗಾದರೆ ಅವನು ಏನು ಮಾಡಬೇಕು? ಮೊದಲು, ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಹಚ್ಚಬಾರದು. ಆಮೇಲೆ ಮನೆಯವರಿಗೆ ಹೇಳಿ ಅಂದೇ ಆಸ್ಪತ್ರೆಗೆ ಹೋಗಬೇಕು.

ರಕ್ತ ಬಂದಿರುವುದರಿಂದ ಅವನಿಗೆ ಲಸಿಕೆ ಮಾತ್ರ ಸಾಲದು. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕಾಯಲು ಗಾಯದೊಳಗೆ ಮತ್ತು ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೊಡುತ್ತಾರೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎನ್ನುವುದು ಹಳೆಯ ಕಾಲದ ಮಾತು. ಈಗ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ ಹೋಗಬೇಕು. ನಮ್ಮ ಹುಡುಗ ಸೋಮವಾರವೇ ಶುರು ಮಾಡಿದರೆ ಗುರುವಾರ, ಮುಂದಿನ ಸೋಮವಾರ, ಕೊನೆಗೆ ನಾಲ್ಕು ವಾರ ತುಂಬಿದ ಸೋಮವಾರ. ಗಾಯ ಮಾಯಿತೆಂದು ಕೊನೆಯ ಡೋಸ್ ಬಿಡಬಾರದು.

ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡುವಂತಿಲ್ಲ.

ಈಗ ಆ ಮರಿಯ ವಿಷಯ. ಮೂರು ತಿಂಗಳಾದಾಗ ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಬೇಕು. ಒಂದು ಸಲ ಹಾಕಿಸಿದರೆ ಮುಗಿಯಲಿಲ್ಲ. ಬೂಸ್ಟರ್ ಯಾವಾಗ ಎಂದು ವೈದ್ಯರು ಕಾರ್ಡಿನಲ್ಲಿ ಬರೆದುಕೊಡುತ್ತಾರೆ, ಆ ದಿನ ತಪ್ಪಿಸಬಾರದು. ಮನೆಯ ಬೆಕ್ಕಿಗೂ ಲಸಿಕೆ ಬೇಕು.

ಕಚ್ಚಿಸಿಕೊಳ್ಳದಿರಲು ನಾವು ಮಾಡಬಹುದಾದದ್ದೂ ಇದೆ. ತಿನ್ನುತ್ತಿರುವ, ಮಲಗಿರುವ, ಮರಿಗಳ ಜೊತೆಗಿರುವ ನಾಯಿಯನ್ನು ಮುಟ್ಟಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ಓಡಿದರೆ ಅದು ಇನ್ನೂ ಬೆನ್ನಟ್ಟುತ್ತದೆ. ಕಣ್ಣಿಗೆ ಕಣ್ಣಿಟ್ಟು ನೋಡದೆ, ಕೈ ಕೆಳಗಿಳಿಸಿ ಮರದಂತೆ ನಿಲ್ಲಬೇಕು. ಬಿದ್ದರೆ ಮುದುಡಿಕೊಂಡು ಕೈಗಳಿಂದ ಕತ್ತು, ಕಿವಿ ಮುಚ್ಚಿಕೊಳ್ಳಬೇಕು.

ದೊಡ್ಡವರಲ್ಲಿ ಒಂದು ವಿನಂತಿ: ಮಗು ಬಂದು 'ನಾಯಿ ಪರಚಿತು' ಎಂದರೆ ಬೈಯಬೇಡಿ. ಬೈದರೆ ಮುಂದಿನ ಸಲ ಅದು ಹೇಳುವುದೇ ಇಲ್ಲ.