ತಪ್ಪು ನಮೂದಿನ ಹಾದಿ: ಹಾಲು ಸಂಗ್ರಹಣಾ ತಂತ್ರಾಂಶದ ಸ್ವೀಕಾರ ಪರೀಕ್ಷೆಯಲ್ಲಿ ಅಪವಾದ ಸನ್ನಿವೇಶಗಳು

ಹೊಸ ತಂತ್ರಾಂಶವೊಂದನ್ನು ಕೆಲಸಕ್ಕೆ ಇಳಿಸುವ ಮುನ್ನ, ನಾಳೆಯಿಂದ ಅದನ್ನು ಬಳಸಬೇಕಾದವರೇ ತಮ್ಮ ದಿನನಿತ್ಯದ ವ್ಯವಹಾರಗಳನ್ನು ಅದರಲ್ಲಿ ನಡೆಸಿ ನೋಡಿ, ಒಪ್ಪುವ ಅಥವಾ ಹಿಂದಿರುಗಿಸುವ ಕೊನೆಯ ಘಟ್ಟಕ್ಕೆ ಬಳಕೆದಾರರ ಸ್ವೀಕಾರ ಪರೀಕ್ಷೆ ಎನ್ನುತ್ತಾರೆ. ಅಂಥ ಪರೀಕ್ಷೆಯಲ್ಲಿ ಒಂದು ವ್ಯವಹಾರವು ಯಾವ ಸ್ಥಿತಿಯಲ್ಲಿ ಆರಂಭವಾಗಿ, ಯಾರ ಕೈಯಲ್ಲಿ ಹೇಗೆ ಸಾಗಿ, ಯಾವ ಫಲಿತಾಂಶದಲ್ಲಿ ಮುಗಿಯಬೇಕು ಎಂಬುದನ್ನು ಮೊದಲೇ ಬರೆದಿಟ್ಟ ವಿವರಣೆಯೇ ಪರೀಕ್ಷಾ ಸನ್ನಿವೇಶ. ಕರ್ನಾಟಕದ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಸಂಗ್ರಹಣಾ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಸಹಜ ವ್ಯವಹಾರದ ಸನ್ನಿವೇಶವನ್ನು ಬರೆಯುವುದು ಕಷ್ಟವಲ್ಲ. ಸದಸ್ಯರು ಬಂದು ತಮ್ಮ ಸಂಖ್ಯೆ ಹೇಳುತ್ತಾರೆ, ಹಾಲನ್ನು ಅಳೆಯಲಾಗುತ್ತದೆ, ಮಾದರಿಯನ್ನು ಯಂತ್ರಕ್ಕೆ ಇಟ್ಟಾಗ ಫ್ಯಾಟ್ ಅಂದರೆ ಕೊಬ್ಬಿನಂಶವೂ ಎಸ್‌ಎನ್‌ಎಫ್ ಅಂದರೆ ಕೊಬ್ಬನ್ನು ಬಿಟ್ಟು ಉಳಿದ ಘನಾಂಶವೂ ಕಾಣಿಸುತ್ತವೆ, ದರಪಟ್ಟಿಯಂತೆ ಬೆಲೆ ಬಿದ್ದು ಚೀಟಿ ಹೊರಬರುತ್ತದೆ. ಇಷ್ಟನ್ನು ನೂರು ಬಾರಿ ಮಾಡಿ ತೋರಿಸಿದರೂ ಅದರಿಂದ ತಿಳಿಯುವುದು ಒಂದೇ ಸಂಗತಿ: ಎಲ್ಲವೂ ಸರಿಯಿದ್ದಾಗ ತಂತ್ರಾಂಶ ಕೆಲಸ ಮಾಡುತ್ತದೆ.

ಸರಿಯಾದ ಹಾಗೂ ನಿರೀಕ್ಷಿತ ದತ್ತಾಂಶಕ್ಕೆ ಮಾತ್ರವಲ್ಲದೆ ತಪ್ಪಾದ ಹಾಗೂ ಅನಿರೀಕ್ಷಿತ ದತ್ತಾಂಶಕ್ಕೂ ಪರೀಕ್ಷೆಗಳನ್ನು ಬರೆಯಬೇಕೆಂಬ ಸೂತ್ರವನ್ನು ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲಿ ಪ್ರಕಟವಾದ ತಮ್ಮ ತಂತ್ರಾಂಶ ಪರೀಕ್ಷೆಯ ಗ್ರಂಥದಲ್ಲಿಯೇ ಮುಂದಿಟ್ಟಿದ್ದರು. ಆದರೆ ಸ್ವೀಕಾರ ಪರೀಕ್ಷೆಯ ಕಾಗದಗಳಲ್ಲಿ ಈ ಸೂತ್ರವು ಸಾಮಾನ್ಯವಾಗಿ ಕುಗ್ಗಿದ ರೂಪದಲ್ಲಿ ಕಾಣಿಸುತ್ತದೆ: ಸದಸ್ಯ ಸಂಖ್ಯೆಯ ಜಾಗದಲ್ಲಿ ಅಕ್ಷರ ಹಾಕಿದರೆ, ಹಾಲಿನ ಪ್ರಮಾಣವನ್ನು ಸೊನ್ನೆ ಎಂದು ಬರೆದರೆ, ತಂತ್ರಾಂಶವು ಸೂಕ್ತ ದೋಷಸಂದೇಶ ತೋರಿಸಬೇಕು ಎಂಬಲ್ಲಿಗೆ ಸನ್ನಿವೇಶ ಮುಗಿದುಬಿಡುತ್ತದೆ. ಇವು ತಂತ್ರಾಂಶ ಕಟ್ಟಿದವರೇ ಮುಂಚೆ ನೋಡಿ ಮುಗಿಸಬೇಕಾದ ಪರೀಕ್ಷೆಗಳು. ಸಂಘದ ಮಟ್ಟಿಗೆ ಅಪವಾದವೆಂದರೆ ಕೀಲಿಮಣೆಯ ತಪ್ಪಲ್ಲ, ವ್ಯವಹಾರದಲ್ಲೇ ಆಗುವ ಒಂದು ಘಟನೆ. ಅದಕ್ಕೂ ಸಹಜ ವ್ಯವಹಾರಕ್ಕಿರುವಂತೆಯೇ ಒಂದು ನ್ಯಾಯವಾದ ಮುಕ್ತಾಯವಿರುತ್ತದೆ, ಮತ್ತು ಹಣ ಸರಿಯಾದವರ ಕೈ ಸೇರುವವರೆಗೆ ಆ ಮುಕ್ತಾಯ ಬಂದಂತಲ್ಲ. ಆದ್ದರಿಂದ ದೋಷಸಂದೇಶದಲ್ಲಿ ಕೊನೆಗೊಳ್ಳುವ ಸನ್ನಿವೇಶವನ್ನು ಅರ್ಧ ಬರೆದ ಸನ್ನಿವೇಶವೆಂದೇ ಪರಿಗಣಿಸುವುದು ಸರಿ.

ಇಂಥ ಘಟನೆಗಳು ತಂತ್ರಾಂಶದ ಬೇಡಿಕೆಪತ್ರದಲ್ಲಿ ಸಿಗುವುದು ಅಪರೂಪ, ಏಕೆಂದರೆ ಬೇಡಿಕೆಪತ್ರವನ್ನು ಬರೆಯುವಾಗ ಎಲ್ಲರೂ ಕೆಲಸ ಹೇಗೆ ನಡೆಯಬೇಕೆಂದು ಹೇಳುತ್ತಾರೆಯೇ ಹೊರತು ಅದು ಎಲ್ಲಿ ತಪ್ಪುತ್ತದೆಂದು ಹೇಳುವುದಿಲ್ಲ. ಅವು ಸಿಗುವುದು ಸಂಘದ ಹಳೆಯ ಕೈಬರಹದ ವಹಿಗಳಲ್ಲಿ: ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ ಬರೆದ ಅಂಕಿ, ಅಂಚಿನಲ್ಲಿ ಹಾಕಿದ ಕಾರ್ಯದರ್ಶಿಯ ಚಿಕ್ಕ ಸಹಿ, ಮುಂದಿನ ಬಟವಾಡೆಯಲ್ಲಿ ಮುರಿದುಕೊಂಡಿದೆ ಎಂಬ ಟಿಪ್ಪಣಿ. ಬೇಸಿಗೆ, ಮಳೆಗಾಲ ಎರಡೂ ಸೇರುವಂತೆ ಹನ್ನೆರಡು ತಿಂಗಳ ವಹಿಗಳನ್ನು ಕೂತು ಓದಿ, ಅಲ್ಲಿನ ಪ್ರತಿಯೊಂದು ತಿದ್ದುಪಡಿಗೂ ಕನಿಷ್ಠ ಒಂದು ಸನ್ನಿವೇಶವಿದೆಯೇ ಎಂದು ಹೊಂದಿಸಿ ನೋಡುವುದು ಪರೀಕ್ಷೆಯ ವ್ಯಾಪ್ತಿಯನ್ನು ಅಳೆಯುವ ನಂಬಲರ್ಹ ವಿಧಾನ. ಬರೆದ ಸನ್ನಿವೇಶಗಳ ಒಟ್ಟು ಸಂಖ್ಯೆಯಿಂದ ಅಂಥ ಭರವಸೆ ಸಿಗುವುದಿಲ್ಲ.

ಆ ವಹಿಗಳಲ್ಲಿ ಸುಲಭವಾಗಿ ಆಗಬಹುದಾದ ಒಂದು ತಪ್ಪನ್ನು ಮಾದರಿಯಾಗಿ ಹಿಡಿದು ಕೊನೆಯವರೆಗೆ ಹಿಂಬಾಲಿಸಬಹುದು. ಬೆಳಗಿನ ಪಾಳಿಯಲ್ಲಿ 112ನೇ ಸದಸ್ಯೆ 6.4 ಲೀಟರ್ ಹಾಲು ಹಾಕಿದ್ದಾರೆ, ಫ್ಯಾಟ್ 4.2 ಬಂದಿದೆ, ಆದರೆ ಅಂಕಿ ತಿರುವುಮುರುವಾಗಿ ನಮೂದು 121ನೇ ಸದಸ್ಯರ ಹೆಸರಿಗೆ ಹೋಗಿದೆ. ಗದ್ದಲದಲ್ಲಿ ಚೀಟಿಯನ್ನು ಯಾರೂ ಓದಿಲ್ಲ. ಸಂಜೆ ಆಕೆ ಚೀಟಿ ತಂದು ತೋರಿಸುವ ಹೊತ್ತಿಗೆ ಬೆಳಗಿನ ಪಾಳಿ ಮುಗಿದು, ಒಟ್ಟು ಹಾಲಿನ ಲೆಕ್ಕವಿರುವ ಟ್ರಕ್ ಶೀಟ್ ಒಕ್ಕೂಟಕ್ಕೆ ಹೋಗಿಯಾಗಿದೆ. ದರಪಟ್ಟಿಯಂತೆ ಲೀಟರಿಗೆ 34.50 ರೂಪಾಯಿ ಬಿದ್ದಿದೆ ಎಂದಿಟ್ಟುಕೊಂಡರೆ ಆ ಹಾಲಿನ ಬೆಲೆ 220.80 ರೂಪಾಯಿ, ಇದರ ಜೊತೆಗೆ ರಾಜ್ಯ ಸರ್ಕಾರವು ಉತ್ಪಾದಕರ ಬ್ಯಾಂಕ್ ಖಾತೆಗೆ ನೇರವಾಗಿ ಕೊಡುವ ಪ್ರೋತ್ಸಾಹಧನವನ್ನು ಲೀಟರಿಗೆ 5 ರೂಪಾಯಿ ಎಂದಿಟ್ಟುಕೊಂಡರೆ ಆ ಲೆಕ್ಕದ 32 ರೂಪಾಯಿಯೂ ಈ ನಮೂದಿನ ಬೆನ್ನಿಗೇ ಹೋಗುತ್ತದೆ.

ಇಲ್ಲಿ ನಿರೀಕ್ಷಿತ ಫಲಿತಾಂಶವನ್ನು ‘ತಿದ್ದುಪಡಿ ಆಗಬೇಕು’ ಎಂದು ಬರೆದರೆ ಏನನ್ನೂ ಪರೀಕ್ಷಿಸಿದಂತಾಗುವುದಿಲ್ಲ. ಸಂಘದ ಪಾಳಿಯ ಒಟ್ಟು ಹಾಲು ಮತ್ತು ಸರಾಸರಿ ಫ್ಯಾಟ್ ತಿದ್ದುಪಡಿಯ ಮುಂಚೆಯೂ ಅನಂತರವೂ ಒಂದೇ ಆಗಿರಬೇಕು, ಏಕೆಂದರೆ ಕ್ಯಾನಿಗೆ ಬಿದ್ದ ಹಾಲು ಬದಲಾಗಿಲ್ಲ. 121ರ ಖಾತೆಯಿಂದ 220.80 ರೂಪಾಯಿ ಇಳಿದು 112ರ ಖಾತೆಗೆ ಅಷ್ಟೇ ಏರಬೇಕು; ಪ್ರೋತ್ಸಾಹಧನದ ಪಟ್ಟಿಯಲ್ಲಿ 6.4 ಲೀಟರ್ ಸ್ಥಳ ಬದಲಿಸಬೇಕು. ಮೊದಲ ನಮೂದು ಅಳಿಸಿಹೋಗದೆ, ಯಾರು, ಯಾವಾಗ, ಯಾವ ಕಾರಣಕ್ಕೆ ತಿದ್ದಿದರೆಂಬ ವಿವರದೊಡನೆ ಉಳಿಯಬೇಕು. ಹಾಲು ಪರೀಕ್ಷಕರ ಗುರುತಿನಿಂದ ಒಳಗೆ ಬಂದವರಿಗೆ ಈ ತಿದ್ದುಪಡಿ ಸಾಧ್ಯವಾಗದೆ ಕಾರ್ಯದರ್ಶಿಯ ಗುರುತಿನಿಂದ ಮಾತ್ರ ಸಾಧ್ಯವಾಗಬೇಕು. ಈ ಅಂಕಿಗಳನ್ನು ಪರೀಕ್ಷೆಯ ಮುಂಚೆಯೇ ಕೈಲೆಕ್ಕದಲ್ಲಿ ಬರೆದಿಟ್ಟಿರಬೇಕೆಂಬುದು ಮುಖ್ಯ. ಪರದೆಯನ್ನು ನೋಡಿದ ಮೇಲೆ ಲೆಕ್ಕ ಹಾಕಿದವರು ಪರದೆ ಹೇಳಿದ್ದನ್ನೇ ಸರಿಯೆಂದು ಒಪ್ಪಿಬಿಡುವುದು ಸಹಜ.

ಅದೇ ಬೆಳಿಗ್ಗೆ 121ನೇ ಸದಸ್ಯರೂ ತಮ್ಮ 3.2 ಲೀಟರ್ ಹಾಲು ಹಾಕಿದ್ದರೆ ಪ್ರಕರಣ ಬೇರೆಯೇ ಆಗುತ್ತದೆ. ಒಂದೇ ಪಾಳಿಯಲ್ಲಿ ಒಂದೇ ಸಂಖ್ಯೆಗೆ ಎರಡನೆಯ ನಮೂದು ಬಂದಾಗ ತಂತ್ರಾಂಶವು ಎಚ್ಚರಿಸಬಹುದು, ತಡೆಯಬಹುದು, ಇಲ್ಲವೇ ಸದ್ದಿಲ್ಲದೆ ಎರಡನ್ನೂ ಕೂಡಿಸಿಬಿಡಬಹುದು. ಅವರ ಹಾಲಿನ ಫ್ಯಾಟ್ 3.6 ಇದ್ದು, ಎರಡನ್ನೂ ಕೂಡಿಸಿದರೆ 9.6 ಲೀಟರ್, ಫ್ಯಾಟ್ 4.0 ಎಂಬ ಒಂದೇ ಸಾಲು ಉಳಿಯುತ್ತದೆ. ಅಂಕಿ ನೋಡಲು ಸಹಜವಾಗಿದೆ, ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಸಂಜೆ ಅದನ್ನು ಮತ್ತೆ 6.4 ಮತ್ತು 3.2 ಎಂದು ಬಿಡಿಸುವ ದಾರಿ ತಂತ್ರಾಂಶದೊಳಗೆ ಇಲ್ಲ. ಹಾಗೆಂದು ಎರಡನೆಯ ನಮೂದನ್ನು ಪೂರ್ತಿ ತಡೆಯುವುದೂ ಸರಿಯಲ್ಲ, ಹಸುವಿನ ಹಾಲನ್ನೂ ಎಮ್ಮೆಯ ಹಾಲನ್ನೂ ಬೇರೆಬೇರೆಯಾಗಿ ತರುವ ಮನೆಗಳಿವೆ. ಎಚ್ಚರಿಸಿ, ಒಪ್ಪಿದರೆ ಎರಡು ಪ್ರತ್ಯೇಕ ಸಾಲುಗಳಾಗಿ ಉಳಿಸಬೇಕು ಎಂಬ ನಿಯಮ ಸ್ಪಷ್ಟವಾಗುವುದೇ ಈ ಸನ್ನಿವೇಶವನ್ನು ಬರೆಯಲು ಕುಳಿತಾಗ.

ಹೀಗೆ ಕವಲೊಡೆಯುವ ಸನ್ನಿವೇಶಗಳನ್ನು ಹಿಡಿತದಲ್ಲಿಡಲು ನಿರ್ಧಾರ ಕೋಷ್ಟಕ ನೆರವಾಗುತ್ತದೆ. ಫಲಿತಾಂಶವನ್ನು ಬದಲಿಸಬಲ್ಲ ಷರತ್ತುಗಳನ್ನು ಗುರುತಿಸಿ ಅವುಗಳ ಎಲ್ಲ ಜೋಡಣೆಗಳನ್ನು ಸಾಲಾಗಿ ಬರೆಯುವುದೇ ಅದರ ವಿಧಾನ. ಪಾಳಿ ಮುಗಿದಿದೆಯೇ, ಬಟವಾಡೆ ಆಗಿದೆಯೇ, ತಪ್ಪು ಸಂಖ್ಯೆಯವರು ತಮ್ಮ ಹಾಲನ್ನೂ ಹಾಕಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಂದ ಎಂಟು ಜೋಡಣೆಗಳು ಹುಟ್ಟುತ್ತವೆ, ಪಾಳಿ ಮುಗಿಯದೆ ಅದರ ಬಟವಾಡೆ ಆಗಲಾರದಾದ್ದರಿಂದ ಎರಡು ಬಿದ್ದುಹೋಗಿ ಆರು ಉಳಿಯುತ್ತವೆ. ಈ ಆರರಲ್ಲಿ ಬಟವಾಡೆ ಆದ ಮೇಲಿನ ಎರಡೇ ನಿಜವಾಗಿ ಕಠಿಣ. ಆಗ 121ರವರಿಗೆ ಹಣ ತಲುಪಿಯಾಗಿದೆ, ಮುಂದಿನ ಬಟವಾಡೆಯಲ್ಲಿ ಮುರಿದುಕೊಳ್ಳಬೇಕು. ಆದರೆ ಅಷ್ಟರಲ್ಲಿ ಅವರ ಹಸು ಹಾಲು ಬತ್ತಿಸಿ ಅವರು ಡೈರಿಗೆ ಬರುವುದನ್ನೇ ನಿಲ್ಲಿಸಿದ್ದರೆ ಮುರಿದುಕೊಳ್ಳಲು ಬಿಲ್ಲೇ ಇರುವುದಿಲ್ಲ. ಬಿಲ್ಲಿಲ್ಲದ ಸದಸ್ಯರನ್ನು ಬಟವಾಡೆ ಪಟ್ಟಿಯಿಂದ ಕೈಬಿಡುವ ತಂತ್ರಾಂಶದಲ್ಲಿ ಈ ಬಾಕಿಯೂ ಕಣ್ಮರೆಯಾಗುತ್ತದೆ, ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ವ್ಯತ್ಯಾಸವಾಗಿ ಮಾತ್ರ ಹೊರಬೀಳುತ್ತದೆ. ಆದಕಾರಣ ಈ ಸನ್ನಿವೇಶವನ್ನು ಒಂದು ಬಟವಾಡೆಗೆ ನಿಲ್ಲಿಸದೆ, ಪರೀಕ್ಷಾ ದಿನಾಂಕವನ್ನು ಮುಂದೆ ಸರಿಸುತ್ತ, ಆ ಸದಸ್ಯರು ಮತ್ತೆ ಹಾಲು ಹಾಕಲು ಬರುವ ಬಟವಾಡೆಯವರೆಗೂ ನಡೆಸಬೇಕಾಗುತ್ತದೆ.

ಎರಡನೆಯ ಬಗೆಯ ಅಪವಾದವು ಯಂತ್ರ ಕೈಕೊಟ್ಟಾಗ ಹುಟ್ಟುತ್ತದೆ. ಹಾಲು ಪರೀಕ್ಷಾ ಯಂತ್ರ ಕೆಟ್ಟ ಬೆಳಿಗ್ಗೆಯೂ ಹಸು ಹಾಲು ಕೊಡುತ್ತದೆ. ಆಗ ಫ್ಯಾಟನ್ನು ಬೇರೆಯಾಗಿ ಕಂಡುಹಿಡಿದು, ಲ್ಯಾಕ್ಟೋಮೀಟರಿನಿಂದ ಸಿಎಲ್‌ಆರ್ ಅಂದರೆ ಉಷ್ಣತೆಗೆ ಸರಿಪಡಿಸಿದ ಡಿಗ್ರಿಯನ್ನು ಓದಿ, ಎಸ್‌ಎನ್‌ಎಫನ್ನು ಸೂತ್ರದಿಂದ ಲೆಕ್ಕ ಹಾಕಬೇಕು. ಬಳಕೆಯಲ್ಲಿರುವ ಸೂತ್ರ ಒಂದೇ ಅಲ್ಲ:

```
SNF = CLR/4 + 0.25 × FAT + 0.44
SNF = CLR/4 + 0.21 × FAT + 0.36
```

ಡಿಗ್ರಿ 29, ಫ್ಯಾಟ್ 3.5 ಇರುವ ಹಾಲಿಗೆ ಮೊದಲ ಸೂತ್ರವು 8.565 ಎನ್ನುತ್ತದೆ, ಎರಡನೆಯದು 8.345 ಎನ್ನುತ್ತದೆ. ಸಂಘವು ಎಸ್‌ಎನ್‌ಎಫ್‌ಗೆ 8.5 ಎಂಬ ಕನಿಷ್ಠ ಮಟ್ಟವನ್ನು ಇಟ್ಟುಕೊಂಡಿದ್ದರೆ ಅದೇ ಹಾಲು ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಬೀಳುತ್ತದೆ. ಒಕ್ಕೂಟ ಒಪ್ಪಿದ ಸ್ಥಿರಾಂಕಗಳೇ ತಂತ್ರಾಂಶದೊಳಗೂ ಇವೆಯೇ ಎಂಬುದು ಯಂತ್ರ ಸರಿಯಾಗಿರುವ ದಿನಗಳಲ್ಲಿ ಎಂದಿಗೂ ಗೊತ್ತಾಗದು, ಏಕೆಂದರೆ ಆಗ ಸೂತ್ರವನ್ನು ಕರೆಯುವುದೇ ಇಲ್ಲ.

ಇದಕ್ಕೆ ಹೊಂದಿಕೊಂಡೇ ಗಡಿಮೌಲ್ಯದ ಪರೀಕ್ಷೆ ಬರುತ್ತದೆ. ಮಿತಿಯ ಮೇಲೆ, ಅದರ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಇರುವ ಅಂಕಿಗಳನ್ನು ಆರಿಸಿ ನೋಡುವುದಕ್ಕೆ ಆ ಹೆಸರು. ಡಿಗ್ರಿ 28.7, ಫ್ಯಾಟ್ 3.5 ಇದ್ದಾಗ ಮೊದಲ ಸೂತ್ರದಿಂದ ಬರುವ 8.49ನ್ನು ಒಂದೇ ದಶಮಾಂಶದಲ್ಲಿ ಮುದ್ರಿಸಿದರೆ ಚೀಟಿಯಲ್ಲಿ 8.5 ಎಂದಿರುತ್ತದೆ, ಆದರೆ ತಂತ್ರಾಂಶವು ಒಳಗೆ 8.49 ಎಂದೇ ಹೋಲಿಸಿ ಹಾಲನ್ನು ತಿರಸ್ಕರಿಸುತ್ತದೆ ಅಥವಾ ದರ ಇಳಿಸುತ್ತದೆ. ಚೀಟಿ ಹಿಡಿದು ನಿಂತ ಸದಸ್ಯರಿಗೆ ಇದು ಮೋಸವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ, ಅವರ ಕೈಯಲ್ಲಿರುವ ಒಂದೇ ಸಾಕ್ಷಿ ಆ ಚೀಟಿ. ಹೋಲಿಕೆಗೆ ಮುಂಚೆ ದುಂಡುಗೊಳಿಸಬೇಕೋ, ಚೀಟಿಯಲ್ಲಿ ಎರಡು ದಶಮಾಂಶ ತೋರಿಸಬೇಕೋ ಎಂಬುದು ಸಂಘ ನಿರ್ಧರಿಸಬೇಕಾದ ವಿಷಯ. ಚೀಟಿ ಹೇಳುವುದೂ ತಂತ್ರಾಂಶ ಮಾಡುವುದೂ ಒಂದೇ ಆಗಿರಬೇಕೆಂಬುದನ್ನು ಮಾತ್ರ ಸನ್ನಿವೇಶದಲ್ಲಿ ಕಡ್ಡಾಯವಾಗಿ ಬರೆದಿರಬೇಕು.

ಅಳತೆ ಆಗಿ ಫ್ಯಾಟ್ ಬರುವ ಮುನ್ನ ಕರೆಂಟು ಹೋಗುವ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಬಹುದು. ಕಂಪ್ಯೂಟರ್ ಮತ್ತೆ ತೆರೆದಾಗ ಆ ನಮೂದು ಅಪೂರ್ಣವೆಂಬ ಗುರುತಿನಿಂದ ಕಾಣಿಸಬೇಕು, ಪಾಳಿಯ ಒಟ್ಟು ಲೆಕ್ಕಕ್ಕೆ ಸೇರಬಾರದು, ಅದನ್ನು ಪೂರ್ಣಗೊಳಿಸದೆ ಪಾಳಿ ಮುಗಿಸಲು ಬಿಡಬಾರದು. ಪರೀಕ್ಷೆಯಲ್ಲಿ ಕ್ರಮಬದ್ಧವಾಗಿ ಕಂಪ್ಯೂಟರ್ ಮುಚ್ಚಿದರೆ ಇದು ಗೊತ್ತಾಗುವುದಿಲ್ಲ, ಪ್ಲಗ್ಗನ್ನೇ ಕಿತ್ತು ನೋಡಬೇಕು.

ಹಳೆಯ ವಹಿಗಳಿಂದ ಸನ್ನಿವೇಶಗಳನ್ನು ಹೆಕ್ಕುವ ವಿಧಾನಕ್ಕೊಂದು ಮಿತಿಯಿದೆ. ವಹಿಗಳು ಹಿಂದೆ ನಡೆದುದನ್ನು ಹೇಳುತ್ತವೆ, ತಂತ್ರಾಂಶ ಬಂದ ಮೇಲೆ ಹೊಸದಾಗಿ ಹುಟ್ಟುವ ತಪ್ಪುಗಳನ್ನು ಹೇಳಲಾರವು. ಉದಾಹರಣೆಗೆ ಪ್ರೋತ್ಸಾಹಧನವು 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಹಂತಹಂತವಾಗಿ ಏರುತ್ತ ಬಂದಿದೆ. ಕೈಬರಹದ ಲೆಕ್ಕದಲ್ಲಿ ಕಾರ್ಯದರ್ಶಿ ಹೊಸ ದರವನ್ನು ನೆನಪಿನಿಂದಲೇ ಹೊಸ ದಿನಾಂಕಕ್ಕೆ ಹಾಕುತ್ತಿದ್ದರು, ತಂತ್ರಾಂಶವಾದರೋ ದರ ಬದಲಿಸಿದ ಕ್ಷಣದಲ್ಲಿ ಹಳೆಯ ದಿನಗಳ ತಿದ್ದುಪಡಿಗೂ ಹೊಸ ದರವನ್ನೇ ಹಚ್ಚಿಬಿಡಬಹುದು. ಮೇಲಿನ 112ನೇ ಸದಸ್ಯೆಯ ತಿದ್ದುಪಡಿಯನ್ನೇ ದರ ಬದಲಾದ ಮರುದಿನ ಮಾಡಿ, ಆಕೆಗೆ ಹಾಲು ಹಾಕಿದ ದಿನದ ದರವೇ ಸಿಗುತ್ತದೆಯೇ ಎಂದು ನೋಡಿದರೆ ಈ ದೋಷ ಬಯಲಾಗುತ್ತದೆ.

ಕೆಲವು ಸನ್ನಿವೇಶಗಳಲ್ಲಿ ನಿರೀಕ್ಷಿತ ಫಲಿತಾಂಶದ ಜಾಗವು ಖಾಲಿಯೇ ಉಳಿಯುತ್ತದೆ, ಏಕೆಂದರೆ ಸದಸ್ಯರು ತೀರಿಕೊಂಡ ಪಾಳಿಯ ನಂತರ ಅದೇ ಸಂಖ್ಯೆಯಲ್ಲಿ ಮನೆಯವರು ಹಾಕಿದ ಹಾಲಿನ ಹಣ ಯಾರಿಗೆ ಸೇರಬೇಕೆಂಬಂಥ ಪ್ರಶ್ನೆಗೆ ಸಂಘದಲ್ಲಿ ಇನ್ನೂ ಲಿಖಿತ ನಿಯಮ ಇಲ್ಲದಿರಬಹುದು. ಅದನ್ನು ಪರೀಕ್ಷಕರು ಊಹೆಯಿಂದ ತುಂಬಬಾರದು. ನಿರ್ಣಯ ಬಾಕಿ ಎಂದು ಬರೆದು ಆಡಳಿತ ಮಂಡಳಿಯ ಸಭೆಯ ಮುಂದಿಡಬೇಕು, ಮತ್ತು ಉತ್ತರ ಬರುವವರೆಗೆ ಆ ಹಣವನ್ನು ಬಟವಾಡೆಗೆ ಬಿಡದೆ ತಡೆಹಿಡಿಯುವ ಸೌಲಭ್ಯ ತಂತ್ರಾಂಶದಲ್ಲಿದೆಯೇ ಎಂಬುದನ್ನು ಆ ಸನ್ನಿವೇಶದ ಪರೀಕ್ಷೆಯಾಗಿ ನಡೆಸಬೇಕು.