ಹಕ್ಕಿಗೂಡಿನ ಚಿತ್ರೀಕರಣ

ಹಕ್ಕಿಗೂಡಿನ ಚಿತ್ರೀಕರಣವು ವನ್ಯಜೀವಿ ಚಿತ್ರೀಕರಣದ ಅತ್ಯಂತ ಸೂಕ್ಷ್ಮವಾದ ವಿಭಾಗ. ಮೇಯುವ ಜಿಂಕೆ ಅಥವಾ ಹಾರುವ ಹದ್ದು ಮನುಷ್ಯನನ್ನು ಕಂಡರೆ ದೂರ ಸರಿಯಬಲ್ಲದು. ಗೂಡಿನಲ್ಲಿರುವ ಮೊಟ್ಟೆ, ಮರಿಗಳಿಗೆ ಆ ಅವಕಾಶವಿಲ್ಲ. ಆದುದರಿಂದ ಸುರಕ್ಷಿತ ಅಂತರ, ಆಮಿಷ ಒಡ್ಡದಿರುವುದು ಮತ್ತು ಸ್ಥಳದ ಗೋಪ್ಯತೆ ಎಂಬ ಮೂರು ನಿಯಮಗಳು ಇಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ಅನ್ವಯಿಸುತ್ತವೆ. ಪಶ್ಚಿಮ ಘಟ್ಟಗಳ ದೊಡ್ಡ ಮಂಗಟ್ಟೆ ಹಕ್ಕಿಯ ಗೂಡು ಇದಕ್ಕೆ ಉತ್ತಮ ನಿದರ್ಶನ. ಹಾರ್ನ್‌ಬಿಲ್ ಎಂಬ ಹೆಸರಿನಿಂದಲೂ ಪರಿಚಿತವಾದ ಈ ಹಕ್ಕಿಯನ್ನು ಕರ್ನಾಟಕದಲ್ಲಿ ದಾಂಡೇಲಿ ಸುತ್ತಲಿನ ಕಾಡುಗಳಲ್ಲಿ ಕಾಣಬಹುದು.

ಮಂಗಟ್ಟೆಯ ಗೂಡಿನ ಸ್ವರೂಪ

ಮಂಗಟ್ಟೆಯು ಎತ್ತರದ ಹಳೆಯ ಮರಗಳ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಹೆಣ್ಣು ಹಕ್ಕಿ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ ಮೊದಲಾದವುಗಳಿಂದ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ಹೊರಚಾಚುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗಿರುವಾಗ ಅದು ಹಾರಾಟದ ಗರಿಗಳನ್ನು ಉದುರಿಸುವುದರಿಂದ ತಕ್ಷಣ ಹೊರಬಂದು ಹಾರುವ ಸ್ಥಿತಿಯಲ್ಲಿಯೂ ಇರುವುದಿಲ್ಲ. ಮರಿ ಒಂದಿಷ್ಟು ಬೆಳೆದ ಮೇಲೆ ತಾಯಿ ಹೊರಬರುತ್ತದೆ, ಆ ಬಳಿಕ ಒಳಗಿನ ಮರಿಯೇ ಬಾಯಿಯನ್ನು ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ತಾಯಿ, ಮರಿಗಳೆರಡಕ್ಕೂ ಆಹಾರ ತರುವುದು ಗಂಡು ಹಕ್ಕಿಯೊಂದೇ. ಅದು ಗಂಟಲಲ್ಲಿ ತುಂಬಿ ತಂದ ಅತ್ತಿ, ಆಲ ಮುಂತಾದ ಹಣ್ಣುಗಳನ್ನು ಒಂದೊಂದಾಗಿ ಹೊರತೆಗೆದು ಸೀಳಿನ ಮೂಲಕ ನೀಡುತ್ತದೆ.

ಚಿತ್ರೀಕರಣದ ಅಪಾಯವೆಲ್ಲ ಈ ಒಂದು ಕೊಂಡಿಯಲ್ಲಿದೆ. ಮರದ ಬಳಿ ಜನರನ್ನು ಕಂಡರೆ ಗಂಡು ಗೂಡಿಗೆ ಇಳಿಯುವುದಿಲ್ಲ. ಹೆಣ್ಣಾಗಲಿ ಮರಿಯಾಗಲಿ ಕೂಗಿ ಪ್ರತಿಭಟಿಸುವುದನ್ನು ಕೆಳಗಿರುವವರು ಕಾಣುವುದಿಲ್ಲ, ಅವು ಸುಮ್ಮನೆ ಹಸಿದಿರುತ್ತವೆ. ‘ನಾವು ಗೂಡನ್ನು ಮುಟ್ಟಲೇ ಇಲ್ಲ’ ಎಂದು ಚಿತ್ರಗ್ರಾಹಕರು ಪ್ರಾಮಾಣಿಕವಾಗಿಯೇ ಹೇಳಬಹುದು. ಆದರೆ ತಪ್ಪಿದ ಊಟದ ಲೆಕ್ಕ ಅವರಿಗೆ ಸಿಕ್ಕಿರುವುದಿಲ್ಲ.

ಅಂತರ

ಎಷ್ಟು ಮೀಟರ್ ದೂರವಿದ್ದರೆ ಸುರಕ್ಷಿತ ಎಂಬ ಪ್ರಶ್ನೆಗೆ ಎಲ್ಲ ಹಕ್ಕಿಗಳಿಗೂ ಒಪ್ಪುವ ಒಂದೇ ಸಂಖ್ಯೆಯಿಲ್ಲ. ಹಕ್ಕಿಯ ನಡವಳಿಕೆಯೇ ಅಳತೆಗೋಲು. ಮೊದಲ ದಿನ ಕ್ಯಾಮೆರಾವನ್ನು ಹೊರತೆಗೆಯದೆ, ಬಹು ದೂರದಿಂದ ದುರ್ಬೀನಿನಲ್ಲಿ ನೋಡುತ್ತ, ಗಂಡು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಬಂದ ಮೇಲೆ ನೇರವಾಗಿ ಗೂಡಿಗಿಳಿಯುತ್ತದೆಯೇ ಎಂಬುದನ್ನು ಬರೆದುಕೊಳ್ಳಬೇಕು. ಮುಂದೆ ಚಿತ್ರೀಕರಣ ನಡೆಯುವಾಗ ಅದೇ ಲಯ ಮುಂದುವರಿದರೆ ಅಂತರ ಸಾಕೆಂದು ತಿಳಿಯಬಹುದು. ಗಂಟಲುಬ್ಬಿದ ಗಂಡು ಪಕ್ಕದ ಮರದಲ್ಲಿ ಕುಳಿತು ತಲೆ ಹೊರಳಿಸಿ ನೋಡುತ್ತಿದ್ದರೆ, ಗೂಡಿನತ್ತ ಬಂದು ಹಾಗೆಯೇ ತಿರುಗಿ ಹೋದರೆ, ಅಥವಾ ಬರುವ ನಡುವಿನ ಅವಧಿ ಬೆಳೆಯುತ್ತ ಹೋದರೆ, ಹಿಂದೆ ಸರಿಯುವ ಹೊತ್ತಾಗಿದೆ ಎಂದರ್ಥ. ಹಿಂದೆ ಸರಿದ ಮೇಲೂ ಅದು ಇಳಿಯದಿದ್ದರೆ ಅಂದಿನ ಕೆಲಸವನ್ನು ನಿಲ್ಲಿಸಬೇಕು.

ಹತ್ತಿರ ಹೋದರೆ ಒಳ್ಳೆಯ ದೃಶ್ಯ ಸಿಗುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ತಪ್ಪು. 36 ಮಿಲಿಮೀಟರ್ ಅಗಲದ ಸೆನ್ಸರ್ ಇರುವ ಕ್ಯಾಮೆರಾಕ್ಕೆ 600 ಮಿಲಿಮೀಟರ್ ಲೆನ್ಸ್ ಜೋಡಿಸಿದರೆ, 60 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಸುಮಾರು 3.6 ಮೀಟರ್ ಆಗುತ್ತದೆ. ದೊಡ್ಡ ಮಂಗಟ್ಟೆಯ ಉದ್ದ ಹೆಚ್ಚುಕಡಿಮೆ ಒಂದು ಮೀಟರ್. ಹಕ್ಕಿ, ಪೊಟರೆ, ಕಾಂಡದ ಒಂದು ಭಾಗ ಎಲ್ಲವೂ ಇದರಲ್ಲಿ ಹಿಡಿಸುತ್ತವೆ. ಇದಲ್ಲದೆ, 20 ಮೀಟರ್ ಎತ್ತರದ ಗೂಡನ್ನು 60 ಮೀಟರ್ ದೂರದಿಂದ ನೋಡಿದರೆ ಕ್ಯಾಮೆರಾ ಸುಮಾರು 18 ಡಿಗ್ರಿ ಮಾತ್ರ ಮೇಲಕ್ಕೆ ವಾಲುತ್ತದೆ. ಮರದಿಂದ 15 ಮೀಟರ್ ದೂರದಲ್ಲಿ ನಿಂತವರು 50 ಡಿಗ್ರಿಗೂ ಹೆಚ್ಚು ಕತ್ತೆತ್ತಬೇಕು, ಅವರಿಗೆ ಸಿಗುವುದು ಹಕ್ಕಿಯ ಹೊಟ್ಟೆ ಮತ್ತು ಬಾಲ. ದೂರದ ಚಿತ್ರೀಕರಣಕ್ಕೆ ಅದರದೇ ಮಿತಿಯೂ ಇದೆ. ಬಿಸಿಲೇರಿದಂತೆ ಕಾದ ಗಾಳಿಯ ಅಲುಗಾಟದಿಂದ ಚಿತ್ರ ಮಸುಕಾಗುತ್ತದೆ. ಆದುದರಿಂದ ಬೆಳಗಿನ ಹೊತ್ತೇ ಅನುಕೂಲ.

ಹೆಣ್ಣು ಪೊಟರೆಯನ್ನು ಆಯ್ದು ಬಾಯಿ ಮುಚ್ಚಿಕೊಳ್ಳುವ ದಿನಗಳಲ್ಲಿ ಸುತ್ತ ಸುಳಿಯಲೇಬಾರದು. ಆಗ ತೊಂದರೆಯಾದರೆ ಜೋಡಿ ಗೂಡನ್ನೇ ತೊರೆಯಬಹುದು. ಕುಳಿತುಕೊಳ್ಳುವ ಮರೆಯನ್ನು ಕಟ್ಟಲು ಗೂಡಿನ ಮುಂದಿನ ಕೊಂಬೆಗಳನ್ನು ಕಡಿಯುವುದೂ ಸಲ್ಲದು. ಚಿತ್ರಕ್ಕೆ ಅಡ್ಡವಾಗುವ ಎಲೆಯೇ ಶತ್ರುಗಳ ಕಣ್ಣಿನಿಂದ ಗೂಡನ್ನು ಮರೆಸಿರುತ್ತದೆ. ಡ್ರೋನ್ ಹಾರಿಸುವುದನ್ನಂತೂ ಪೂರ್ಣವಾಗಿ ಬಿಡಬೇಕು.

ಆಮಿಷ

ಗೂಬೆಗೆ ಇಲಿ ಬಿಡುವುದು, ಮಿಂಚುಳ್ಳಿಗೆ ತೊಟ್ಟಿಯಲ್ಲಿ ಮೀನು ತುಂಬಿಡುವುದು ಆಹಾರದ ಆಮಿಷಗಳು. ಧ್ವನಿಮುದ್ರಿತ ಕೂಗನ್ನು ಮೊಬೈಲಿನಲ್ಲಿ ನುಡಿಸುವುದೂ ಆಮಿಷವೇ. ಮರಿ ಮಾಡುವ ಕಾಲದಲ್ಲಿ ಆ ಕೂಗು ಹಕ್ಕಿಗೆ ಪ್ರತಿಸ್ಪರ್ಧಿಯ ಸವಾಲಾಗಿ ಕೇಳಿಸುತ್ತದೆ. ಆಹಾರ ತರಬೇಕಾದ ಹೊತ್ತು ಇಲ್ಲದ ವೈರಿಯನ್ನು ಹುಡುಕುವುದರಲ್ಲಿ ಕಳೆದುಹೋಗುತ್ತದೆ. ರಸ್ತೆಬದಿಯಲ್ಲಿ ಆಹಾರ ಪಡೆದು ರೂಢಿಯಾದ ಗೂಬೆ ವಾಹನಕ್ಕೆ ಸಿಕ್ಕುವ ಸಂಭವ ಹೆಚ್ಚುತ್ತದೆ.

ಆಮಿಷದ ದೃಶ್ಯಗಳನ್ನು ನೋಡುಗರು ಕೆಲಮಟ್ಟಿಗೆ ಗುರುತಿಸಬಹುದು. ಗೂಬೆ ಕ್ಯಾಮೆರಾದತ್ತಲೇ ನೇರವಾಗಿ ಹಾರಿಬರುವುದು, ಅದರ ಉಗುರಲ್ಲಿ ಸಾಕಿದ ಬಿಳಿ ಇಲಿ ಇರುವುದು, ಮಿಂಚುಳ್ಳಿ ಪ್ರತಿಬಾರಿಯೂ ಒಂದೇ ಬಿಂದುವಿನಲ್ಲಿ ಧುಮುಕುವುದು ಸಂಶಯಕ್ಕೆ ಕಾರಣಗಳು. ಕೃತಕ ದೃಶ್ಯಗಳ ಚಟ ಹೊಸದಲ್ಲ. ಡಿಸ್ನಿ ಸಂಸ್ಥೆಯ 1958ರ ‘ವೈಟ್ ವೈಲ್ಡರ್‌ನೆಸ್’ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ದಂಶಕಗಳು ತಾವಾಗಿ ನೀರಿಗೆ ಹಾರುವಂತೆ ತೋರಿಸಿದ್ದು ಏರ್ಪಡಿಸಿದ ದೃಶ್ಯವೆಂದು ಮುಂದೆ ಬಯಲಾಯಿತು. ಆ ಪ್ರಾಣಿಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಸುಳ್ಳು ಇಂದಿಗೂ ಪ್ರಚಾರದಲ್ಲಿದೆ.

ಸ್ಥಳದ ಗೋಪ್ಯತೆ

ಮಂಗಟ್ಟೆಗಳು ಅನುಕೂಲವಾದ ಪೊಟರೆಗೆ ವರ್ಷ ವರ್ಷವೂ ಮರಳುತ್ತವೆ. ಆದುದರಿಂದ ಮರದ ಗುರುತು ಒಮ್ಮೆ ಹೊರಬಿದ್ದರೆ ಅದು ಒಂದು ಋತುವಿಗೆ ಮುಗಿಯುವ ನಷ್ಟವಲ್ಲ. ಮರಿಗಳನ್ನು ಕದಿಯುವವರಿಗಿಂತ ಮೊದಲು ಬರುವವರು ಸಾಮಾನ್ಯವಾಗಿ ಇತರ ಛಾಯಾಗ್ರಾಹಕರೇ. ಒಬ್ಬೊಬ್ಬರೂ ಹತ್ತು ನಿಮಿಷ ಮಾತ್ರ ನಿಂತರೂ, ಹಕ್ಕಿಯ ಪಾಲಿಗೆ ಅದು ಇಡೀ ದಿನದ ಕಾವಲು.

ಪ್ರಕಟಿಸುವಾಗ ಊರು, ತಂಗುದಾಣ, ಮಾರ್ಗದರ್ಶಿಯ ಹೆಸರುಗಳನ್ನು ಬಿಟ್ಟು ಜಿಲ್ಲೆ ಅಥವಾ ‘ಪಶ್ಚಿಮ ಘಟ್ಟಗಳು’ ಎಂದಷ್ಟೇ ಹೇಳುವುದು ಒಳಿತು. ಹಿನ್ನೆಲೆಯ ಬಂಡೆ, ಸೇತುವೆ, ದೇವಸ್ಥಾನದ ಗಂಟೆಯ ಸದ್ದು ಕೂಡ ಸುಳಿವು ಕೊಡುತ್ತವೆ. ಮರಿ ಹಾರಿಹೋದ ನಂತರ ಪ್ರಕಟಿಸಿದರೆ ಆ ವರ್ಷದ ಸಂಸಾರವಾದರೂ ಉಳಿಯುತ್ತದೆ. ಮೊಬೈಲ್ ಮತ್ತು ಡ್ರೋನ್‌ಗಳ ಕಡತಗಳಲ್ಲಿ ಅಕ್ಷಾಂಶ, ರೇಖಾಂಶಗಳು ತಾವಾಗಿ ದಾಖಲಾಗಿರಬಹುದು. ಅವನ್ನು ಹೀಗೆ ತೆಗೆಯಬಹುದು:

```
ffmpeg -i gudu.mp4 -map_metadata -1 -sn -dn -c copy hosa.mp4
```

ಇದರಿಂದ ದೃಶ್ಯದ ಗುಣಮಟ್ಟ ಕುಗ್ಗುವುದಿಲ್ಲ. ಮೂಲ ಕಡತದಲ್ಲಿ ಮಾಹಿತಿ ಹಾಗೆಯೇ ಇರುವುದರಿಂದ ಅದನ್ನು ಯಾರಿಗೂ ಕಳುಹಿಸಬಾರದು.

ಕಾನೂನು

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ‘ಬೇಟೆ’ ಎಂಬ ಪದಕ್ಕೆ ನೀಡುವ ಅರ್ಥ ವಿಶಾಲವಾದುದು. ಆಮಿಷ ಒಡ್ಡುವುದೂ, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿವೆ. ಅಭಯಾರಣ್ಯಗಳಲ್ಲಿ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯನ್ನು 28ನೆಯ ವಿಧಿ ವಿವರಿಸುತ್ತದೆ. ಅನುಮತಿ ಪತ್ರವಿದೆ ಎಂದ ಮಾತ್ರಕ್ಕೆ ಗೂಡಿನ ಬುಡಕ್ಕೆ ಹೋಗುವ ಹಕ್ಕು ದೊರೆಯುವುದಿಲ್ಲ. ಛಾಯಾಗ್ರಹಣ ಸ್ಪರ್ಧೆಗಳಲ್ಲಿ ಕೆಲವು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ.