ಕೈ-ವರ್ಗ ಹೊಂದಾಣಿಕೆ ಪರೀಕ್ಷೆ (ದಾಳ)

ದಾಳದ ಆರೂ ಮುಖಗಳು ಸಮಾನ ಸಂಭವನೀಯತೆಯಿಂದ ಬೀಳುತ್ತವೆಯೇ ಎಂಬುದನ್ನು ಎಸೆತಗಳ ಎಣಿಕೆಯಿಂದ ಪರಿಶೀಲಿಸುವ ಸಂಖ್ಯಾಶಾಸ್ತ್ರೀಯ ವಿಧಾನ. ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ. ಪ್ರಾಣಿಶಾಸ್ತ್ರಜ್ಞ ವೆಲ್ಡನ್ 12 ದಾಳಗಳನ್ನು 26,306 ಬಾರಿ ಎಸೆದು ಬರೆದಿಟ್ಟ ಎಣಿಕೆಗೆ ಇದನ್ನು ಅನ್ವಯಿಸಿ, 5 ಮತ್ತು 6ರ ಕಡೆಗಿದ್ದ ವಾಲಿಕೆಯನ್ನು ತೋರಿಸಿದ.

ಪ್ರತಿ ಮುಖದ ವೀಕ್ಷಿತ ಹಾಗೂ ನಿರೀಕ್ಷಿತ ಎಣಿಕೆಗಳ ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಎಣಿಕೆಯಿಂದ ಭಾಗಿಸಿ, ಆರನ್ನೂ ಕೂಡಿದರೆ χ² ದೊರೆಯುತ್ತದೆ. 120 ಎಸೆತಗಳಲ್ಲಿ 1ರಿಂದ 6ರವರೆಗಿನ ಮುಖಗಳು ಕ್ರಮವಾಗಿ 15, 22, 18, 19, 17, 29 ಬಾರಿ ಬಿದ್ದವೆನ್ನಿ. ಪ್ರತಿಯೊಂದಕ್ಕೂ ನಿರೀಕ್ಷಿತ ಎಣಿಕೆ 20; χ² = 124/20 = 6.2. ಐದು ಸ್ವಾತಂತ್ರ್ಯದ ಡಿಗ್ರಿಗಳಿಗೆ 5% ಮಟ್ಟದ ಮಿತಿ 11.07. ಆರು 29 ಬಾರಿ ಬಿದ್ದದ್ದು ಅನುಮಾನಾಸ್ಪದವಾಗಿ ಕಂಡರೂ ದಾಳ ದೋಷಪೂರಿತವೆನ್ನಲು ಇಷ್ಟು ಸಾಲದು. ನಿರ್ದೋಷವೆಂದು ಸಿದ್ಧವಾದಂತೆಯೂ ಅಲ್ಲ. ಸಣ್ಣ ವಾಲಿಕೆಯನ್ನು ಹಿಡಿಯಲು ಸಾವಿರಾರು ಎಸೆತಗಳು ಬೇಕಾಗುತ್ತವೆ. ನಿರೀಕ್ಷಿತ ಎಣಿಕೆ 5ಕ್ಕಿಂತ ಕಡಿಮೆಯಿದ್ದಲ್ಲಿ ಕೋಷ್ಟಕದ ಮಿತಿ ನಂಬಲರ್ಹವಲ್ಲ.